ಕೆಂಪು ಅಕ್ಷರ ಯಾಕೆ ಕಲಸಿಕೊಂಡಿತು? ಕನ್ಸೋಲ್‌ನ 4:2:2 ಮತ್ತು 10 ಬಿಟ್ ಲೆಕ್ಕ

43 ಇಂಚಿನ 4ಕೆ ಟಿವಿಯನ್ನು ಮೇಜಿನ ಮೇಲಿಟ್ಟುಕೊಂಡು, ಎರಡಡಿ ದೂರದಲ್ಲಿ ಕೂತು ಒಂದು ಸ್ಟ್ರಾಟಜಿ ಗೇಮ್ ಆಡುತ್ತಿದ್ದೆ. ನಕ್ಷೆಯಲ್ಲಿ ನನ್ನ ಊರುಗಳ ಹೆಸರು ಬಿಳಿ ಬಣ್ಣದಲ್ಲಿ, ಶತ್ರುವಿನ ಊರುಗಳ ಹೆಸರು ಕೆಂಪು ಬಣ್ಣದಲ್ಲಿ. ಎರಡಕ್ಕೂ ಹಿಂದೆ ಕಪ್ಪು. ಬಿಳಿ ಅಕ್ಷರಗಳು ಸೂಜಿಯಲ್ಲಿ ಕೊರೆದ ಹಾಗಿದ್ದವು. ಕೆಂಪು ಅಕ್ಷರಗಳು ಮಾತ್ರ ಒದ್ದೆ ಕಾಗದದ ಮೇಲೆ ಬರೆದ ಶಾಯಿಯ ಹಾಗೆ ಎಡಕ್ಕೂ ಬಲಕ್ಕೂ ಹರಡಿಕೊಂಡಿದ್ದವು. ಅದೇ ಫಾಂಟ್, ಅದೇ ಗಾತ್ರ, ಅದೇ ಸ್ಕ್ರೀನ್.

ಮೊದಲು ಕಣ್ಣಿನ ಮೇಲೆ ಅನುಮಾನ ಬಂತು, ಆಮೇಲೆ ಕೇಬಲ್ ಮೇಲೆ. ಎರಡೂ ಅಲ್ಲ. ಕೇಬಲ್ ಕೆಟ್ಟರೆ ಬಿಳಿ ಅಕ್ಷರವೂ ಉಳಿಯುವುದಿಲ್ಲ. ಚಿತ್ರ ಹೋಗಿ ಬಂದು ಮಾಡುತ್ತದೆ, ಇಲ್ಲವೇ ಮಿಂಚುಹುಳದಂಥ ಚುಕ್ಕೆಗಳು ಬರುತ್ತವೆ. ಕೇಬಲ್‌ಗೆ ಕೆಂಪು ಬಣ್ಣದ ಮೇಲೆ ಪ್ರತ್ಯೇಕ ದ್ವೇಷವೇನೂ ಇರುವುದಿಲ್ಲ. ಒಂದು ಬಣ್ಣದ ಅಕ್ಷರ ಮಾತ್ರ ಕೆಟ್ಟರೆ ಅದು ಕ್ರೋಮಾ ಸಬ್‌ಸ್ಯಾಂಪ್ಲಿಂಗ್‌ನ ಗುರುತು. ಅಂದರೆ ದಾರಿಯಲ್ಲಿ ಎಲ್ಲೋ ಯಾರೋ ಬಣ್ಣದ ಮಾಹಿತಿಯನ್ನು ಅರ್ಧ ಮಾಡಿದ್ದಾರೆ.

ಕನ್ಸೋಲ್ ಒಳಗೆ ಚಿತ್ರ ತಯಾರಾಗುವುದು ಆರ್‌ಜಿಬಿಯಲ್ಲಿ. ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ. ಇದೇ ಮಾಹಿತಿಯನ್ನು ಇನ್ನೊಂದು ರೀತಿಯಲ್ಲೂ ಬರೆಯಬಹುದು. ಒಂದು ಸಂಖ್ಯೆ ಬೆಳಕು ಎಷ್ಟು ಅನ್ನುವುದಕ್ಕೆ, ಅದು ಲೂಮಾ. ಉಳಿದ ಎರಡು ಬಣ್ಣ ಯಾವ ಕಡೆ ವಾಲಿದೆ ಅನ್ನುವುದಕ್ಕೆ, ಅದು ಕ್ರೋಮಾ. ಹೀಗೆ ಬೇರ್ಪಡಿಸಿದರೆ ಒಂದು ಲಾಭ ಇದೆ. ನಮ್ಮ ಕಣ್ಣು ಬೆಳಕಿನ ಸೂಕ್ಷ್ಮ ವಿವರವನ್ನು ಚೆನ್ನಾಗಿ ಹಿಡಿಯುತ್ತದೆ, ಬಣ್ಣದ ಸೂಕ್ಷ್ಮ ವಿವರದಲ್ಲಿ ಸ್ವಲ್ಪ ದಡ್ಡ. ಹಾಗಾಗಿ ಬೆಳಕನ್ನು ಪೂರ್ತಿ ಕಳಿಸಿ, ಬಣ್ಣದಲ್ಲಿ ಕಂಜೂಸ್ತನ ಮಾಡಿದರೂ ಬಹುಪಾಲು ಗೊತ್ತಾಗುವುದಿಲ್ಲ.

ಈ ಕಂಜೂಸ್ತನ ಎಷ್ಟು ಅನ್ನುವುದನ್ನು 4:2:2ರಂಥ ಮೂರು ಅಂಕಿಗಳಲ್ಲಿ ಬರೆಯುತ್ತಾರೆ, ಅವುಗಳ ಅರ್ಥ ಇಷ್ಟೇ. ನಾಲ್ಕು ಪಿಕ್ಸೆಲ್ ಅಗಲ, ಎರಡು ಸಾಲು ಎತ್ತರದ ಒಂದು ಚಿಕ್ಕ ತುಂಡು ತೆಗೆದುಕೊಳ್ಳಿ. 4:4:4 ಅಂದರೆ ಎರಡೂ ಸಾಲಿನಲ್ಲಿ ನಾಲ್ಕೂ ಪಿಕ್ಸೆಲ್‌ಗೆ ತನ್ನದೇ ಬಣ್ಣ. 4:2:2 ಅಂದರೆ ಪ್ರತಿ ಸಾಲಿನಲ್ಲೂ ಎರಡೇ ಬಣ್ಣ, ಅಂದರೆ ಅಕ್ಕಪಕ್ಕದ ಎರಡು ಪಿಕ್ಸೆಲ್ ಒಂದು ಬಣ್ಣವನ್ನು ಹಂಚಿಕೊಳ್ಳುತ್ತವೆ. 4:2:0 ಅಂದರೆ ಮೇಲಿನ ಸಾಲಿಗೆ ಎರಡು ಬಣ್ಣ, ಕೆಳಗಿನ ಸಾಲಿಗೆ ಸ್ವಂತದ್ದು ಏನೂ ಇಲ್ಲ. ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣ. 4ಕೆ ಚಿತ್ರದಲ್ಲಿ ಬೆಳಕು ಯಾವಾಗಲೂ 3840×2160 ಇರುತ್ತದೆ. ಬಣ್ಣ ಮಾತ್ರ 4:2:2ದಲ್ಲಿ 1920×2160, 4:2:0ದಲ್ಲಿ 1920×1080.

ಈಗ ಆ ಕೆಂಪು ಅಕ್ಷರದ ಒಂದು ಗೆರೆಯನ್ನು ಹತ್ತಿರದಿಂದ ನೋಡೋಣ. ಒಂದು ಪಿಕ್ಸೆಲ್ ಅಪ್ಪಟ ಕೆಂಪು, ಪಕ್ಕದ್ದು ಕಪ್ಪು. 8 ಬಿಟ್ ಲೆಕ್ಕದಲ್ಲಿ, ಅಂದರೆ ಒಂದೊಂದು ಸಂಖ್ಯೆ 0ಯಿಂದ 255ರವರೆಗೆ ಇರುವಾಗ, ಮೊದಲನೆಯದು 255, 0, 0. ಎರಡನೆಯದು 0, 0, 0. ಎಚ್‌ಡಿ ವಿಡಿಯೋದ ಸೂತ್ರದಲ್ಲಿ ಬೆಳಕು ಹೀಗೆ ಸಿಗುತ್ತದೆ:

```
Y = 0.2126 R + 0.7152 G + 0.0722 B
```

ಅಪ್ಪಟ ಕೆಂಪಿಗೆ ಸಿಗುವ ಬೆಳಕು ಕೇವಲ 54. ಪೂರ್ತಿ ಬಿಳಿಗೆ 255 ಸಿಗುತ್ತದೆ. ಅಂದರೆ ಕೆಂಪು ಗೆರೆಯ ಆಕಾರದ ಬಹುಪಾಲು ಇರುವುದು ಬೆಳಕಿನಲ್ಲಿ ಅಲ್ಲ, ಬಣ್ಣದ ಸಂಖ್ಯೆಗಳಲ್ಲಿ. ಮತ್ತು 4:2:2 ಕೈ ಹಾಕುವುದು ಅಲ್ಲಿಗೇ. ಎರಡು ಪಿಕ್ಸೆಲ್‌ಗಳ ಬಣ್ಣವನ್ನು ಸುಮ್ನೆ ಸರಾಸರಿ ಮಾಡಿ ಕಳಿಸಿದರು ಅಂದುಕೊಳ್ಳಿ. ಟಿವಿ ಅದನ್ನು ಬಿಡಿಸಿ ಮತ್ತೆ ಆರ್‌ಜಿಬಿ ಮಾಡಿದಾಗ ಬರುವುದು ಇದು:

```
ಮೊದಲು   255, 0, 0     |  0, 0, 0
ನಂತರ    155, 27, 27   |  100, 0, 0
```

ಕೆಂಪು ಪಿಕ್ಸೆಲ್ ಮಂಕಾಯಿತು. ಅದರ ಜೊತೆಗೆ ಕಪ್ಪಾಗಿರಬೇಕಿದ್ದ ಪಕ್ಕದ ಪಿಕ್ಸೆಲ್ ಗಾಢ ಕೆಂಪಾಯಿತು. ಶಾಯಿ ಹರಡಿದ ಹಾಗೆ ಕಂಡದ್ದು ಇದೇ. ಟಿವಿಗಳು ಬಳಸುವ ಫಿಲ್ಟರ್ ಇದಕ್ಕಿಂತ ಸ್ವಲ್ಪ ಜಾಣತನದ್ದಾಗಿರಬಹುದು, ಆದರೆ ಹೋದ ಮಾಹಿತಿಯನ್ನು ಯಾವ ಫಿಲ್ಟರ್ ಕೂಡ ಪೂರ್ತಿ ವಾಪಸ್ ತರುವುದಿಲ್ಲ. ಬಿಳಿ ಅಕ್ಷರಕ್ಕೆ ಇದೇ ಲೆಕ್ಕ ಮಾಡಿ ನೋಡಿ. ಬಿಳಿಗೂ ಕಪ್ಪಿಗೂ ಬಣ್ಣದ ಸಂಖ್ಯೆ ಸೊನ್ನೆ. ಸೊನ್ನೆ ಸೊನ್ನೆ ಸರಾಸರಿ ಸೊನ್ನೆಯೇ. ಅದಕ್ಕೇ ಬಿಳಿ ಅಕ್ಷರಕ್ಕೆ ಕೂದಲೂ ಕೊಂಕಲಿಲ್ಲ. ನೀಲಿಯ ಸ್ಥಿತಿ ಕೆಂಪಿಗಿಂತ ಕೆಟ್ಟದ್ದು, ಅದಕ್ಕೆ ಬೆಳಕಿನಲ್ಲಿ ಶೇಕಡಾ 7ರಷ್ಟೇ ಪಾಲು. ನೀಲಿಯ ಮೇಲೆ ಕೆಂಪು ಅಕ್ಷರ ಬರೆದರೆ ಎರಡರ ಬೆಳಕೂ ಕಡಿಮೆ, ಆಕಾರವೆಲ್ಲ ಬಣ್ಣದಲ್ಲೇ ಇರುತ್ತದೆ. ಸಬ್‌ಸ್ಯಾಂಪ್ಲಿಂಗ್ ಪರೀಕ್ಷಿಸುವ ಚಿತ್ರಗಳಲ್ಲಿ ಇಂಥ ಜೋಡಿಗಳನ್ನೇ ಹಾಕುವುದು ಅದಕ್ಕೇ.

ಸರಿ, ಕನ್ಸೋಲ್ ಯಾಕೆ ಹೀಗೆ ಕಂಜೂಸ್ತನ ಮಾಡಬೇಕು? ಕೊಳವೆ ಸಣ್ಣದು, ನೀರು ಜಾಸ್ತಿ. 4ಕೆ 60 ಹರ್ಟ್ಸ್ ಚಿತ್ರವನ್ನು ಎಚ್‌ಡಿಎಂಐನಲ್ಲಿ ಕಳಿಸುವಾಗ ಕಾಣುವ ಪಿಕ್ಸೆಲ್‌ಗಳ ಸುತ್ತ ಖಾಲಿ ಜಾಗವೂ ಹೋಗುತ್ತದೆ. ಒಟ್ಟು ಚೌಕಟ್ಟು 4400×2250. ಸೆಕೆಂಡಿಗೆ 60 ಸಲ ಅಂದರೆ 59.4 ಕೋಟಿ ಪಿಕ್ಸೆಲ್. ಒಂದೊಂದಕ್ಕೆ 8 ಬಿಟ್‌ನ ಮೂರು ಸಂಖ್ಯೆ, ಅಂದರೆ 24 ಬಿಟ್. ಗುಣಿಸಿದರೆ 14.26 ಗಿಗಾಬಿಟ್. ಎಚ್‌ಡಿಎಂಐ 2.0 ಪೋರ್ಟಿನ ಸಾಮರ್ಥ್ಯ 18 ಗಿಗಾಬಿಟ್ ಅಂತ ಬರೆದಿರುತ್ತಾರೆ. ಆದರೆ ಅದು ಪ್ರತಿ 8 ಬಿಟ್ ಮಾಹಿತಿಗೆ 10 ಬಿಟ್ ಕಳಿಸುತ್ತದೆ. ಹಾಗಾಗಿ ನಿಜಕ್ಕೂ ಬಳಕೆಗೆ ಸಿಗುವುದು 14.4. ನೋಡಿ, 8 ಬಿಟ್ ಆರ್‌ಜಿಬಿ ಕಿಷ್ಕಿಂಧೆಯಲ್ಲಿ ಕೂತ ಹಾಗೆ ಕೂತುಬಿಡುತ್ತದೆ.

ಕಡು ಕತ್ತಲಿನಿಂದ ಕಣ್ಣು ಕುಕ್ಕುವ ಬೆಳಕಿನವರೆಗೆ ತೋರಿಸುವ ಎಚ್‌ಡಿಆರ್ ಬಂದಾಗ ತಾಪತ್ರಯ ಶುರು. ಅದಕ್ಕೆ 10 ಬಿಟ್ ಬೇಕು. 30 ಬಿಟ್ ಲೆಕ್ಕದಲ್ಲಿ 17.82 ಗಿಗಾಬಿಟ್ ಆಗುತ್ತದೆ, 14.4ರ ಕೊಳವೆಯಲ್ಲಿ ಹಿಡಿಯುವುದಿಲ್ಲ. ಇಲ್ಲಿ 4:2:2 ಕೈ ಹಿಡಿಯುತ್ತದೆ. ಎಚ್‌ಡಿಎಂಐ 2.0 ದಾರಿಯಲ್ಲಿ 4:2:2 ಯಾವಾಗಲೂ 24 ಬಿಟ್‌ನ ಡಬ್ಬಿಯಲ್ಲೇ ಹೋಗುತ್ತದೆ, ಆ ಡಬ್ಬಿಯಲ್ಲಿ 12 ಬಿಟ್‌ವರೆಗೆ ಜಾಗ ಇದೆ. ಹಾಗಾಗಿ 4:2:2ದಲ್ಲಿ 10 ಬಿಟ್ ಕಳಿಸಿದರೂ ಅಷ್ಟೇ ಖರ್ಚು, 12 ಬಿಟ್ ಕಳಿಸಿದರೂ ಅಷ್ಟೇ ಖರ್ಚು, 8 ಬಿಟ್ ಆರ್‌ಜಿಬಿಗೆ ಆಗುವಷ್ಟೇ. ಎಚ್‌ಡಿಎಂಐ 2.0 ಟಿವಿಗೆ 4ಕೆ 60ರಲ್ಲಿ ಎಚ್‌ಡಿಆರ್ ಹಾಕಿದ ಕೂಡಲೇ ಪ್ಲೇಸ್ಟೇಷನ್ 5ರ ವಿಡಿಯೋ ಮಾಹಿತಿ ಪುಟದಲ್ಲಿ `RGB` ಹೋಗಿ `YUV422` ಬರುವುದು ಇದಕ್ಕೇ. ಏನೂ ಕೆಟ್ಟಿಲ್ಲ. ಕನ್ಸೋಲ್ ಬಣ್ಣದ ಸೂಕ್ಷ್ಮತೆ ಬಿಟ್ಟುಕೊಟ್ಟು ಬಣ್ಣದ ಆಳ ತೆಗೆದುಕೊಂಡಿದೆ. ನನ್ನ ಮಟ್ಟಿಗೆ ಇದು ಸರಿಯಾದ ವ್ಯಾಪಾರ.

ನನ್ನ ಟಿವಿಯೂ ಎಚ್‌ಡಿಎಂಐ 2.0ದ್ದೇ. ಹಾಗಾಗಿ ಉತ್ತರ ಸಿಕ್ಕಿತು ಅಂದುಕೊಂಡೆ. ಎಚ್‌ಡಿಆರ್ ಆಫ್ ಮಾಡಿದೆ. ಮಾಹಿತಿ ಪುಟದಲ್ಲಿ `RGB` ಅಂತ ಬಂತು. ವಾಪಸ್ ಗೇಮಿಗೆ ಹೋಗಿ ನೋಡಿದರೆ ಕೆಂಪು ಅಕ್ಷರ ಹಾಗೇ ಹರಡಿಕೊಂಡಿದೆ! ಕನ್ಸೋಲ್ ಪೂರ್ತಿ ಬಣ್ಣ ಕಳಿಸುತ್ತಿದೆ, ಆದರೂ ಸ್ಕ್ರೀನಿನಲ್ಲಿ ಅರ್ಧ ಬಣ್ಣ.

ಕಳ್ಳ ಇದ್ದದ್ದು ಟಿವಿಯೊಳಗೆ. ಹಲವು ಟಿವಿಗಳು ತಮಗೆ ಬಂದ ಆರ್‌ಜಿಬಿಯನ್ನೂ ಒಳಗೆ 4:2:2ಕ್ಕೆ ಇಳಿಸಿಕೊಂಡೇ ಮುಂದಿನ ಕೆಲಸ ಮಾಡುತ್ತವೆ. ಶಾರ್ಪ್‌ನೆಸ್, ಬಣ್ಣ ತಿದ್ದುವುದು, ಚಲನೆ ನಯ ಮಾಡುವುದು, ಇವೆಲ್ಲ ಅದರ ಮೇಲೆ ನಡೆಯುತ್ತವೆ. ಆ ಪೋರ್ಟಿಗೆ ಕಂಪ್ಯೂಟರ್ ಸಿಕ್ಕಿಸಿದೆ ಅಂತ ಹೇಳಿದರೆ ಮಾತ್ರ 4:4:4 ಹಾಗೇ ಬಿಡುತ್ತವೆ. ಇನ್‌ಪುಟ್ ಪಟ್ಟಿಯಲ್ಲಿ ಆ ಪೋರ್ಟಿನ ಹೆಸರನ್ನೋ ಐಕಾನನ್ನೋ `PC` ಅಂತ ಬದಲಿಸಬೇಕು, ಅಷ್ಟೇ. ಬದಲಿಸಿದೆ. ಕೆಂಪು ಅಕ್ಷರ ಬಿಳಿಯಷ್ಟೇ ಸ್ಪಷ್ಟವಾಗಿ ಬಂದು ಕೂತಿತು. ಎಚ್‌ಡಿಆರ್ ಮತ್ತೆ ಹಾಕಿದೆ, `YUV422` ಬಂತು, ಅಕ್ಷರ ಮತ್ತೆ ಹರಡಿತು. ಈಗ ಅದು ಕೊಳವೆಯ ಮಿತಿ, ಯಾರ ತಪ್ಪೂ ಅಲ್ಲ.

ಇದರಿಂದ ಒಂದು ಕ್ರಮ ಸಿಗುತ್ತದೆ. ಕನ್ಸೋಲ್‌ನ ಮಾಹಿತಿ ಪುಟ ಹೇಳುವುದು ಏನು ಹೊರಟಿತು ಅನ್ನುವುದನ್ನು ಮಾತ್ರ. ಏನು ಕಾಣಿಸುತ್ತಿದೆ ಅನ್ನುವುದನ್ನಲ್ಲ. ಅನುಮಾನ ಬಂದರೆ ಕಣ್ಣಿನಿಂದಲೇ ನೋಡಬೇಕು. ಸಬ್‌ಟೈಟಲ್ ಬಣ್ಣ ಬದಲಿಸಲು ಬಿಡುವ ಗೇಮ್ ಇದ್ದರೆ ಅದರಲ್ಲಿ ಚಿಕ್ಕ ಕೆಂಪು ಅಥವಾ ನೀಲಿ ಅಕ್ಷರ ಹಾಕಿ. ಸ್ಕ್ರೀನಿನ ಹತ್ತಿರ ಹೋಗಿ, ಬೇಕಿದ್ದರೆ ಫೋನ್ ಕ್ಯಾಮೆರಾದಲ್ಲಿ ಜೂಮ್ ಮಾಡಿ, ನಿಂತ ಗೆರೆಗಳ ಪಕ್ಕ ಏನಿದೆ ನೋಡಿ. 4:2:2 ಕುಯ್ಯುವುದು ಅಡ್ಡಡ್ಡ ಮಾತ್ರ. ಹಾಗಾಗಿ ನಿಂತ ಗೆರೆ ಹರಡಿ, ಮಲಗಿದ ಗೆರೆ ಸ್ಪಷ್ಟವಾಗಿದ್ದರೆ 4:2:2. ಎರಡೂ ಹರಡಿದ್ದರೆ 4:2:0.

ಆ ಎರಡನೆಯದು ಕಂಡರೆ ಸ್ವಲ್ಪ ಎಚ್ಚರ. ಗೇಮಿಗೆ 4:2:0 ಬಂದಿದೆ ಅಂದರೆ ಸಾಮಾನ್ಯವಾಗಿ ಯಾವುದೋ ಸೆಟ್ಟಿಂಗ್ ಮುಚ್ಚಿಕೊಂಡಿರುತ್ತದೆ. ಟಿವಿಯ ಪೋರ್ಟಿಗೆ ಪೂರ್ತಿ ಸಾಮರ್ಥ್ಯ ಕೊಡುವ ಒಂದು ಸ್ವಿಚ್ ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಅದು `Input Signal Plus`, ಎಲ್‌ಜಿಯಲ್ಲಿ `HDMI Deep Color`, ಸೋನಿಯಲ್ಲಿ `Enhanced format` ಎಂಬಂಥ ಹೆಸರಿನಲ್ಲಿ ಸಿಗುತ್ತದೆ. ಅದು ಆಫ್ ಆಗಿದ್ದರೆ ಟಿವಿ ಕನ್ಸೋಲ್‌ಗೆ ತನ್ನ ಪರಿಚಯ ಹೇಳಿಕೊಳ್ಳುವಾಗ ಹಳೆಯ ಪೋರ್ಟಿನ ಸಾಮರ್ಥ್ಯವನ್ನಷ್ಟೇ ಹೇಳುತ್ತದೆ. 4ಕೆ 60 ಅನ್ನು 8 ಬಿಟ್ 4:2:0ಗೆ ಇಳಿಸಿದರೆ 7.13 ಗಿಗಾಬಿಟ್ ಸಾಕು, ಅದು ಎಚ್‌ಡಿಎಂಐ 1.4ರ ಕೊಳವೆಯಲ್ಲೂ ಹೋಗುತ್ತದೆ. ಕನ್ಸೋಲ್ ಪಾಪ ಸಿಕ್ಕಿದ್ದರಲ್ಲಿ ಸಂಸಾರ ಮಾಡುತ್ತದೆ. ಎಚ್‌ಡಿಆರ್ ಆಯ್ಕೆಯೇ ಬರುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಮೊದಲು ನೋಡಬೇಕಾದ್ದೂ ಇದೇ ಸ್ವಿಚ್. ಪ್ಲೇಸ್ಟೇಷನ್ 5ರಲ್ಲಿ `4K Video Transfer Rate` ಅಂತ ಒಂದಿದೆ. ಅದನ್ನು `-1` ಅಥವಾ `-2` ಮಾಡಿದರೆ ಬಣ್ಣ ಬೇಕಂತಲೇ ಕಡಿಮೆಯಾಗುತ್ತದೆ. ಕೇಬಲ್ ತಡೆಯದೆ ಚಿತ್ರ ಹೋಗಿ ಬಂದು ಮಾಡುವವರಿಗೆ ಇಟ್ಟ ಆಯ್ಕೆ ಅದು. ಯಾವತ್ತೋ ಬದಲಿಸಿ ಮರೆತಿದ್ದರೆ `Automatic`ಗೆ ತನ್ನಿ.

ಈಗ ಮುಖ್ಯ ಪ್ರಶ್ನೆ. ಇದು ಎಷ್ಟು ಜನರಿಗೆ ಕಾಣುತ್ತದೆ? ನನಗೆ ಕಂಡದ್ದು ಎರಡಡಿ ದೂರದಲ್ಲಿ ಕೂತಿದ್ದಕ್ಕೆ. 55 ಇಂಚಿನ 4ಕೆ ಟಿವಿಯಲ್ಲಿ ಒಂದು ಪಿಕ್ಸೆಲ್ ಸುಮಾರು 0.32 ಮಿಲಿಮೀಟರ್ ಅಗಲ. ಸಾಧಾರಣ ಒಳ್ಳೆಯ ದೃಷ್ಟಿಗೆ ಅಷ್ಟು ಚಿಕ್ಕದನ್ನು ಬೇರೆಯಾಗಿ ಗುರುತಿಸಲು ಆಗುವುದು ಸುಮಾರು 1.1 ಮೀಟರ್‌ವರೆಗೆ. ಎರಡು ಪಿಕ್ಸೆಲ್ ಅಗಲದ ಕಲೆ ಅಂದರೂ 2 ಮೀಟರ್ ಆಸುಪಾಸಿಗೆ ಮುಗಿಯಿತು, ಬಣ್ಣದ ವಿಷಯದಲ್ಲಿ ಕಣ್ಣು ಅದಕ್ಕಿಂತ ಮೊದಲೇ ಸೋಲುತ್ತದೆ. ಅದೇ ಟಿವಿಯನ್ನು ಎರಡೂವರೆ ಮೀಟರ್ ದೂರದ ಸೋಫಾದಿಂದ ನೋಡುವವರು 4:2:2 ಮತ್ತು 4:4:4ಗೆ ವ್ಯತ್ಯಾಸ ಹುಡುಕುತ್ತಾ ಕೂರುವುದು ವ್ಯರ್ಥ. ಮೇಜಿನ ಮೇಲೆ ಮಾನಿಟರ್ ಇಟ್ಟುಕೊಂಡು ಆಡುವವರಿಗೆ, ಕನ್ಸೋಲ್‌ನಲ್ಲಿ ಬ್ರೌಸರ್ ತೆರೆದು ಓದುವವರಿಗೆ, ಬಣ್ಣಬಣ್ಣದ ಸಣ್ಣ ಅಕ್ಷರ ತುಂಬಿದ ಗೇಮ್ ಹತ್ತಿರದಿಂದ ಆಡುವವರಿಗೆ ಮಾತ್ರ ಇದು ನಿಜವಾದ ವಿಷಯ.

ಗೇಮಿನ ಚಿತ್ರದಲ್ಲೂ ಒಂದು ಸ್ವಾರಸ್ಯ ಇದೆ. ಬಹಳಷ್ಟು ಗೇಮ್‌ಗಳು ಮರ, ಗೋಡೆ, ಮನುಷ್ಯರನ್ನೆಲ್ಲ 1440ಪಿ ಸುತ್ತಮುತ್ತ ಬಿಡಿಸಿ ಆಮೇಲೆ 4ಕೆಗೆ ಹಿಗ್ಗಿಸುತ್ತವೆ. ಅಲ್ಲಿ ಪಿಕ್ಸೆಲ್ ಪಿಕ್ಸೆಲ್‌ಗೂ ಬೇರೆ ಬಣ್ಣ ಮೊದಲೇ ಇರುವುದು ಕಡಿಮೆ. ಕಳೆದುಕೊಳ್ಳಲು ಹೆಚ್ಚೇನೂ ಇಲ್ಲ. ಅಕ್ಷರ, ನಕ್ಷೆ, ಮೆನುಗಳನ್ನು ಮಾತ್ರ ಅದರ ಮೇಲೆ ಪೂರ್ತಿ 4ಕೆಯಲ್ಲಿ ಬರೆಯುತ್ತಾರೆ. ಪೆಟ್ಟು ಬೀಳುವುದು ಅವಕ್ಕೆ. ಸಿನಿಮಾ ನೋಡುವವರಿಗಂತೂ ಈ ಚಿಂತೆ ಬೇಡವೇ ಬೇಡ. ಬ್ಲೂರೇ ಡಿಸ್ಕ್, 4ಕೆ ಡಿಸ್ಕ್, ಸ್ಟ್ರೀಮಿಂಗ್ ಎಲ್ಲವೂ ನಿಮ್ಮ ಕೈಗೆ ಬರುವಾಗಲೇ 4:2:0. ಅದನ್ನು 4:4:4 ಡಬ್ಬಿಯಲ್ಲಿ ಹಾಕಿ ಕಳಿಸಿದರೆ ಡಬ್ಬಿ ದೊಡ್ಡದಾಗುತ್ತದೆ, ಒಳಗಿನ ವಸ್ತು ಅಷ್ಟೇ.

ಬಣ್ಣದ ಆಳದ ಕಥೆ ಬೇರೆ. ಅದು ದೂರದ ಸೋಫಾಕ್ಕೂ ಕಾಣುತ್ತದೆ. 8 ಬಿಟ್ ಅಂದರೆ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್ ಅಂದರೆ 1024. ಸಂಜೆ ಆಕಾಶ ಒಂದನ್ನು ನೆನೆಸಿಕೊಳ್ಳಿ. ಸ್ಕ್ರೀನಿನ ಎಡ ತುದಿಯಿಂದ ಬಲ ತುದಿಗೆ ನಿಧಾನವಾಗಿ ಬೆಳಕಾಗುತ್ತಾ ಹೋಗುತ್ತದೆ, 8 ಬಿಟ್‌ನ 60 ಮೆಟ್ಟಿಲಷ್ಟು. 3840 ಪಿಕ್ಸೆಲ್‌ನ್ನು 60 ಮೆಟ್ಟಿಲಿಗೆ ಹಂಚಿದರೆ ಒಂದೊಂದು 64 ಪಿಕ್ಸೆಲ್ ಅಗಲದ ಪಟ್ಟೆ. 55 ಇಂಚಿನ ಟಿವಿಯಲ್ಲಿ ಅದು ಎರಡು ಸೆಂಟಿಮೀಟರ್. ಅದೇ ಆಕಾಶಕ್ಕೆ 10 ಬಿಟ್ ಕೊಟ್ಟರೆ ಪಟ್ಟೆ 16 ಪಿಕ್ಸೆಲ್‌ಗೆ ಇಳಿಯುತ್ತದೆ, ಎರಡು ಪಟ್ಟೆಗಳ ನಡುವಿನ ಜಿಗಿತ ಕಾಲು ಭಾಗವಾಗುತ್ತದೆ. ಎಚ್‌ಡಿಆರ್‌ನಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಅದರ ಬೆಳಕಿನ ಅಳತೆಗೋಲು 10,000 ನಿಟ್‌ವರೆಗೆ ಚಾಚಿಕೊಂಡಿದೆ. ಅಷ್ಟು ಉದ್ದದ ಏಣಿಗೆ 256 ಮೆಟ್ಟಿಲು ಕೊಟ್ಟರೆ ಒಂದೊಂದು ಮೆಟ್ಟಿಲೂ ಕಣ್ಣಿಗೆ ಬಡಿಯುತ್ತದೆ. ಎಚ್‌ಡಿಆರ್‌ಗೆ 10 ಬಿಟ್ ಬೇಕು, ಅದಕ್ಕಾಗಿ 4:4:4 ಬಿಟ್ಟುಕೊಟ್ಟರೂ ಸರಿ ಅನ್ನುವುದು ಇದಕ್ಕೇ.

ಆದರೆ ಪಟ್ಟೆ ಕಂಡ ಕೂಡಲೇ ಬಿಟ್ ಡೆಪ್ತ್ ಮೇಲೆ ಹಾರಿಬೀಳಬೇಡಿ. ಗೇಮೇ ಆಕಾಶವನ್ನು ಕಡಿಮೆ ಮೆಟ್ಟಿಲಲ್ಲಿ ಬಿಡಿಸಿದ್ದರೆ ಕನ್ಸೋಲ್ ಎಷ್ಟು ಬಿಟ್ ಕಳಿಸಿದರೂ ಪಟ್ಟೆ ಹಾಗೇ ಇರುತ್ತದೆ. ಒಂದು ಗೇಮಿನಲ್ಲಿ ಪಟ್ಟೆ ಇದ್ದು ಇನ್ನೊಂದರಲ್ಲಿ ಆಕಾಶ ನುಣ್ಣಗಿದ್ದರೆ ತಪ್ಪು ಮೊದಲ ಗೇಮಿನದ್ದು. ಟಿವಿಯ ಕಾಂಟ್ರಾಸ್ಟ್ ಹೆಚ್ಚಿಸುವ ಸೆಟ್ಟಿಂಗ್ ಆಫ್ ಮಾಡಿದಾಗ ಪಟ್ಟೆ ಮಾಯವಾದರೆ ಟಿವಿಯದ್ದು. ಪಟ್ಟೆಯ ಜೊತೆ ಚೌಕಚೌಕದ ಕಲೆಗಳೂ ಇದ್ದರೆ ಅದು ವಿಡಿಯೋ ಒತ್ತಿ ಚಿಕ್ಕದು ಮಾಡಿದ್ದರ ಫಲ. ಇನ್ನು ಗೇಮಿನವರು ಬೇಕಂತಲೇ ಸಣ್ಣ ಕಾಳುಕಾಳು ಬೆರೆಸಿ ಮೆಟ್ಟಿಲನ್ನು ಮರೆಮಾಡುವ ಡಿದರಿಂಗ್ ಎಂಬ ಉಪಾಯವೂ ಇದೆ. ಅದನ್ನು ಚೆನ್ನಾಗಿ ಮಾಡಿದ 8 ಬಿಟ್ ಚಿತ್ರ ಅಚ್ಚರಿ ಪಡುವಷ್ಟು ನುಣ್ಣಗಿರುತ್ತದೆ.

ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ ಬಣ್ಣದ ಆಳಕ್ಕೆ 24, 30, 36 ಬಿಟ್ ಎಂಬ ಆಯ್ಕೆ ಸಿಗುತ್ತದೆ. ಅಂದರೆ ಒಂದೊಂದು ಬಣ್ಣಕ್ಕೆ 8, 10, 12. ದೊಡ್ಡದೇ ಒಳ್ಳೆಯದು ಅಂತ 36 ಒತ್ತುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ವಾ? ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. 18 ಗಿಗಾಬಿಟ್ ಟಿವಿಯಲ್ಲಿ 4ಕೆ 60ಕ್ಕೆ 8 ಬಿಟ್ ದಾಟಿದರೆ 4:4:4 ಬಿಡಲೇಬೇಕು. ಎಚ್‌ಡಿಆರ್ ಇಲ್ಲದ, 8 ಬಿಟ್‌ನಲ್ಲೇ ತಯಾರಾದ ಗೇಮಿಗೆ ಅದರಿಂದ ಸಿಗುವುದು ಸೊನ್ನೆ ತುಂಬಿದ ಬಿಟ್‌ಗಳು, ಕಳೆದುಕೊಳ್ಳುವುದು ಅಕ್ಷರದ ಸ್ಪಷ್ಟತೆ. `Video modes` ಪುಟದಲ್ಲಿರುವ `Allow YCC 4:2:2` ಮಾತ್ರ ಇಂಥ ಟಿವಿ ಇರುವವರು ಆನ್ ಮಾಡಿಡಬೇಕು. ಹೆಸರು ನೋಡಿ ಗುಣಮಟ್ಟ ಕಡಿಮೆ ಮಾಡುವ ಸ್ವಿಚ್ ಅಂದುಕೊಂಡು ಆಫ್ ಮಾಡಿದರೆ, 4ಕೆ 60ರಲ್ಲಿ 10 ಬಿಟ್ ಹೋಗಲು ಇದ್ದ ಒಳ್ಳೆಯ ದಾರಿ ಮುಚ್ಚಿಹೋಗುತ್ತದೆ.

ಎಚ್‌ಡಿಎಂಐ 2.1 ಟಿವಿ ಇದ್ದವರಿಗೆ 60 ಹರ್ಟ್ಸ್‌ನಲ್ಲಿ ಈ ಇಕ್ಕಟ್ಟು ಬಹುಪಾಲು ಇಲ್ಲ. 120ಕ್ಕೆ ಹೋದಾಗ ಮತ್ತೆ ಬರುತ್ತದೆ. ಪ್ಲೇಸ್ಟೇಷನ್ 5ರ ಕೊಳವೆ 32 ಗಿಗಾಬಿಟ್, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ದು 40. ಹಾಗಾಗಿ 4ಕೆ 120 ಎಚ್‌ಡಿಆರ್‌ನಲ್ಲಿ ಮೊದಲನೆಯದು 4:2:2 ಕೊಡುತ್ತದೆ, ಎರಡನೆಯದು 4:4:4 ಕೊಡಬಲ್ಲದು. 120 ಫ್ರೇಮಿನಲ್ಲಿ ಓಡುವ ಗೇಮ್ ಆಡುತ್ತಾ ಈ ವ್ಯತ್ಯಾಸ ಹಿಡಿದವರನ್ನು ನಾನಂತೂ ನೋಡಿಲ್ಲ.

ಬದಲಿಗೆ ಎಲ್ಲರಿಗೂ, ಎಷ್ಟು ದೂರದಿಂದಲೂ ಕಾಣುವ ತಪ್ಪು ಅದೇ ಮೆನುವಿನಲ್ಲಿ ಪಕ್ಕದಲ್ಲೇ ಇದೆ. ಆರ್‌ಜಿಬಿ ರೇಂಜ್. ಕನ್ಸೋಲ್ ಕಪ್ಪನ್ನು 0 ಅಂತ ಕಳಿಸಿ, ಟಿವಿ ಕಪ್ಪು 16ರಿಂದ ಶುರು ಅಂದುಕೊಂಡರೆ ಕತ್ತಲಿನ ಜಾಗವೆಲ್ಲ ಮಸಿ ಬಳಿದ ಹಾಗೆ. ಉಲ್ಟಾ ಆದರೆ ಇಡೀ ಚಿತ್ರ ಬೂದಿ ಎರಚಿದ ಹಾಗೆ. ನನ್ನ ಮೇಜಿನ ಟಿವಿಯಲ್ಲಿ `PC` ಅಂತ ಬದಲಿಸಿದ ದಿನವೇ ಇದೂ ಆಯಿತು. ಅಕ್ಷರ ಸ್ಪಷ್ಟವಾಯಿತು, ಗುಹೆಗಳು ಮಸಿಯಾದವು. ಟಿವಿಯ ಬ್ಲ್ಯಾಕ್ ಲೆವೆಲ್ ಅನ್ನು ಕನ್ಸೋಲ್ ಕಳಿಸುವ ರೇಂಜ್‌ಗೆ ಹೊಂದಿಸಿದ ಮೇಲೆ ಗುಹೆಯ ಗೋಡೆ ಮತ್ತೆ ಕಂಡಿತು. ಈಗ ಆ ಸ್ಟ್ರಾಟಜಿ ಗೇಮ್ ಒಂದಕ್ಕೆ ಮಾತ್ರ ಎಚ್‌ಡಿಆರ್ ಆಫ್ ಮಾಡಿ `RGB`ಯಲ್ಲಿ ಆಡುತ್ತೇನೆ, ಉಳಿದದ್ದಕ್ಕೆಲ್ಲ `YUV422`ಗೆ ಬಿಟ್ಟಿದ್ದೇನೆ.